ಸುಟ್ಟ ಗಾಯ, ಗಂಟಲಿಗೆ ಸಿಕ್ಕಿದ ತುತ್ತು: ಪ್ರಥಮ ಚಿಕಿತ್ಸೆ ವಿಡಿಯೋ ಸ್ಕ್ರಿಪ್ಟ್ ನೋಡಿ ತಪ್ಪಿದ್ದರೆ ಹೇಳಿ

ಆಲೆಮನೆ ರಸ್ತೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ಸುತ್ತಲಿನ ಆಲೆಮನೆ ಕೆಲಸಗಾರರಿಗೆ, ಸ್ತ್ರೀಶಕ್ತಿ ಸಂಘದ ಗುಂಪುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸೋಕೆ ಒಂದು ವಿಡಿಯೋ ಮಾಡ್ತಾ ಇದ್ದೀವಿ. ನಾಲ್ಕು ನಿಮಿಷ ದಾಟಬಾರದು. ಎರಡೇ ವಿಷಯ: ಸುಟ್ಟ ಗಾಯ ಮತ್ತು ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳೋದು. ಈಗಿನ ಕರಡು ಹೀಗಿದೆ:

ದೃಶ್ಯ 1: ಆಲೆಮನೆ. ಕೊಪ್ಪರಿಗೆಯಿಂದ ಪಾಕ ಇಳಿಸುವಾಗ ಕೆಲಸಗಾರನ ಮುಂಗೈ ಮೇಲೆ ಚೆಲ್ಲುತ್ತದೆ.
ದೃಶ್ಯ 2: ಒಬ್ಬರು ಟೂತ್‌ಪೇಸ್ಟ್ ತರುತ್ತಾರೆ, ಒಬ್ಬರು ಅರಿಶಿನ, ಒಬ್ಬರು ಇಂಕು. ಒಂದೊಂದನ್ನೂ ಹಚ್ಚುವುದು ತೋರಿಸಿ ಅದರ ಮೇಲೆ ಕೆಂಪು ಅಡ್ಡಗೆರೆ.
ದೃಶ್ಯ 3: ಫ್ರಿಜ್ಜಿನ ತಣ್ಣೀರು ಹಾಕುವುದು.
ದೃಶ್ಯ 4: ಬಟ್ಟೆ ಮುಚ್ಚಿ ಆಸ್ಪತ್ರೆಗೆ.
ದೃಶ್ಯ 5: ಬೀಗರ ಊಟ. ಒಬ್ಬರ ಗಂಟಲಿಗೆ ಮಟನ್ ತುಂಡು ಸಿಕ್ಕಿ ಜೋರಾಗಿ ಕೆಮ್ಮುತ್ತಾರೆ.
ದೃಶ್ಯ 6: ಬೆನ್ನಿಗೆ ಐದು ಹೊಡೆತ, ಹೊಟ್ಟೆ ಐದು ಸಲ ಒತ್ತುವುದು.
ದೃಶ್ಯ 7: ಮಗುವಿಗೆ ಮಾಡುವ ವಿಧಾನ.

ಮೂರು ಪ್ರಶ್ನೆ. 20 ನಿಮಿಷ ನೀರು ಹಾಕಬೇಕು ಅನ್ನೋದನ್ನ ನಾಲ್ಕು ನಿಮಿಷದ ವಿಡಿಯೋದಲ್ಲಿ ಹೇಗೆ ತೋರಿಸೋದು? ದೃಶ್ಯ 6 ತೆಗೆಯುವಾಗ ಯಾರಿಗೂ ಪೆಟ್ಟಾಗದ ಹಾಗೆ ಏನು ಮಾಡೋದು? ಎಚ್ಚರಿಕೆ ಮಾತುಗಳು ಆಯಾ ದೃಶ್ಯದಲ್ಲೇ ಬರಬೇಕಾ, ಕೊನೆಗೆ ಒಟ್ಟಿಗೆ ಬಂದರೆ ಸಾಕಾ?

ತುರ್ತು ವಿಭಾಗ

ಒಳ್ಳೆ ಕೆಲಸ ಸಾರ್. ಆದರೆ ದೃಶ್ಯ 2 ಪೂರ್ತಿ ತೆಗೆದುಬಿಡಿ. ಅರ್ಧ ಜನ ನಿಮ್ಮ ವಿಡಿಯೋನ ಸದ್ದು ಮುಚ್ಚಿ ನೋಡ್ತಾರೆ. ಬಸ್ಸಲ್ಲಿ, ಅಂಗಡಿಯಲ್ಲಿ, ಮಲಗಿರೋ ಮಗು ಪಕ್ಕದಲ್ಲಿ. ಅವರ ಕಣ್ಣಿಗೆ ಬೀಳೋದು ಸುಟ್ಟ ಕೈ, ಅದರ ಮೇಲೆ ಬಿಳಿ ಪೇಸ್ಟ್. ಆರು ತಿಂಗಳು ಬಿಟ್ಟು ನಿಜವಾಗಿ ಕೈ ಸುಟ್ಟಾಗ ಆ ಚಿತ್ರ ನೆನಪಿಗೆ ಬರುತ್ತೆ, ಅಡ್ಡಗೆರೆ ಬರಲ್ಲ. ಸುಟ್ಟ ಚರ್ಮದ ಮೇಲೆ ನೀರು ಬಿಟ್ಟು ಬೇರೆ ಯಾವುದೂ ಬೀಳೋದು ಚೌಕಟ್ಟಿನಲ್ಲಿ ಕಾಣಲೇಬಾರದು.

ಬೇಡದ್ದನ್ನ ಹೇಳಲೇಬೇಕಾದ್ರೆ ಹೀಗೆ ಮಾಡಿ. ಕೈ ನಲ್ಲಿ ಕೆಳಗೆ ಇದೆ, ನೀರು ಹರೀತಾ ಇದೆ. ಪಕ್ಕದಿಂದ ಒಬ್ಬರು ಪೇಸ್ಟ್ ಹಿಡಿದು ಬರ್ತಾರೆ, ನೀರು ಹಾಕ್ತಿರೋರು ಇನ್ನೊಂದು ಕೈಯಿಂದ ತಡೀತಾರೆ, ನೀರು ನಿಲ್ಲಲ್ಲ. ಒಂದೇ ಶಾಟ್‌ನಲ್ಲಿ ಎರಡೂ ವಿಷಯ ಮುಗೀತು.

ದೃಶ್ಯ 3 ತಪ್ಪು. ಫ್ರಿಜ್ಜಿನ ನೀರೂ ಬೇಡ, ಐಸಂತೂ ಬೇಡವೇ ಬೇಡ. ತೀರಾ ತಣ್ಣಗಿರೋದು ತಾಕಿದ್ರೆ ಚರ್ಮದ ಸಣ್ಣ ರಕ್ತನಾಳ ಮುದುಡಿ, ಉಳಿಯಬಹುದಾಗಿದ್ದ ಪದರವೂ ಸಾಯುತ್ತೆ. ನಲ್ಲಿಯ ಸಾಧಾರಣ ತಂಪು ನೀರು, ಹರಿಯುವ ನೀರು, 20 ನಿಮಿಷ. ಇಷ್ಟೇ.

ಕ್ಯಾಮೆರಾ ಕೈ

20 ನಿಮಿಷ ತೋರಿಸೋಕೆ ಗೋಡೆ ಗಡಿಯಾರ ಇಡಿ. ಮುಳ್ಳು ಓಡಿಸಬೇಡಿ, ಹಾಗೆ ಓಡಿಸಿದ್ರೆ ನೋಡೋರಿಗೆ ಬೇಗ ಮುಗೀತು ಅನ್ಸುತ್ತೆ. ಬದಲಿಗೆ ಒಂದೇ ಕೋನದಿಂದ ನಾಲ್ಕು ಸ್ಥಿರ ಶಾಟ್. ಮೊದಲನೇದರಲ್ಲಿ ಗಡಿಯಾರ 10:00, ಆಮೇಲೆ 10:05, 10:12, 10:20. ನಾಲ್ಕರಲ್ಲೂ ಕೈ ಅದೇ ಜಾಗದಲ್ಲಿ, ನೀರು ಅದೇ ಧಾರೆ, ಸುತ್ತ ಇರೋ ಜನ ಮಾತ್ರ ಬದಲಾಗಿರಲಿ. 10:05ಕ್ಕೆ ಯಾರೋ ಬಳೆ ತೆಗೀತಿದ್ದಾರೆ, 10:12ಕ್ಕೆ ಯಾರೋ ಫೋನ್ ಮಾಡ್ತಿದ್ದಾರೆ, 10:20ಕ್ಕೆ ಬಟ್ಟೆ ಸಿದ್ಧ ಇದೆ. ಒಂದೊಂದು ಶಾಟ್ ಐದಾರು ಸೆಕೆಂಡ್. ಅರ್ಧ ನಿಮಿಷ ಕೂಡ ಬೇಡ.

ತುರ್ತು ವಿಭಾಗ

ಇದು ಚೆನ್ನಾಗಿದೆ. ಒಂದು ತಿದ್ದುಪಡಿ: ಬಳೆ, ಉಂಗುರ, ವಾಚು, ಮಗುವಾದ್ರೆ ಉಡುದಾರ, ಇವೆಲ್ಲ ಮೊದಲ ಶಾಟ್‌ನಲ್ಲೇ ಬಿಚ್ಚಲಿ. ಊತ ಬೇಗ ಶುರುವಾಗುತ್ತೆ, ತಡ ಮಾಡಿದ್ರೆ ಉಂಗುರ ಕತ್ತರಿಸಬೇಕಾಗುತ್ತೆ. ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಮಾತ್ರ ಎಳೀಬಾರದು, ಅದರ ಸುತ್ತ ಕತ್ತರಿಸಿ.

ಗಾಣದ ಗೌಡ

ಪಾಕ ಅಂದ್ರೆ ನೀರಲ್ಲ ಸ್ವಾಮಿ. ಬಿಸಿನೀರು ಚೆಲ್ಲಿದ್ರೆ ಹರಿದು ಹೋಯ್ತದೆ, ಪಾಕ ಅಂಟ್ಕತದೆ. ಇಳಿಸೋ ಹೊತ್ತಿಗೆ 115–120 ಡಿಗ್ರಿ ಇರ್ತದೆ. ಕೈಮೇಲೆ ಬಿದ್ದ ತಕ್ಷಣ ಎಲ್ರೂ ಮಾಡೋದು ಇನ್ನೊಂದು ಕೈಲಿ ಒರೆಸೋದು. ಆಗ ಎರಡು ಕೈಯೂ ಹೋಯ್ತದೆ. ಕೆರೆದು ಕಿತ್ತರೆ ಚರ್ಮನೂ ಜೊತೇಲೇ ಬತ್ತದೆ. ಇದನ್ನ ದೃಶ್ಯ 1ರಲ್ಲಿ ಹಾಕದಿದ್ರೆ ಆಲೆಮನೆಯವರು ವಿಡಿಯೋ ನಂಬಲ್ಲ.

ತುರ್ತು ವಿಭಾಗ

ಗೌಡ್ರು ಹೇಳಿದ್ದು ಅಕ್ಷರಶಃ ಸರಿ. ಅಂಟಿದ ಪಾಕ ಒಳಗೇ ಬಿಸಿ ಹಿಡ್ಕೊಂಡು ಸುಡ್ತಾನೇ ಇರುತ್ತೆ, ಅದಕ್ಕೇ ಅಷ್ಟು ಆಳದ ಗಾಯ. ಒರೆಸೋದು ಬೇಡ, ಕೆರೆಯೋದು ಬೇಡ, ಮೇಲಿಂದಲೇ ನೀರು ಬಿಡಿ. ಮೊದಲು ಅದು ಆರಿ ಗಟ್ಟಿಯಾಗುತ್ತೆ, ಆಮೇಲೆ ಬೆಲ್ಲ ತಾನೇ ಕರಗಿ ನೀರಿನ ಜೊತೆ ಇಳಿಯುತ್ತೆ. 20 ನಿಮಿಷದ ಮೇಲೂ ಉಳಿದದ್ದನ್ನ ಹಾಗೇ ಬಿಟ್ಟು ಮುಚ್ಚಿ. ಆಸ್ಪತ್ರೆಯಲ್ಲಿ ತೆಗೀತಾರೆ.

ಇದನ್ನ ತೋರಿಸೋಕೆ ಕೈಯೇ ಬೇಕಾಗಿಲ್ಲ. ಒಂದು ಬದನೆಕಾಯಿ ಮೇಲೆ ಪಾಕ ಸುರಿದು ಸ್ಪೂನಿನಿಂದ ಕೆರೆಯಿರಿ, ಸಿಪ್ಪೆ ಕಿತ್ತು ಬರುತ್ತೆ. ಇನ್ನೊಂದರ ಮೇಲೆ ನೀರು ಬಿಡಿ. ಎರಡನ್ನೂ ಪಕ್ಕಪಕ್ಕ ಹತ್ತಿರದಿಂದ ತೆಗೆಯಿರಿ.

ಸುನೀತಾ ಕುವೆಂಪುನಗರ

ಕಾಲ ಮೇಲೆ ಸುಟ್ಟ ಕಲೆ ಎರಡು ವರ್ಷದಿಂದ ಹೋಗಿಲ್ಲ, ಯಾವ ಕ್ರೀಮ್ ಹಚ್ಚಬೇಕು ಹೇಳ್ತೀರಾ? ಲೋಳೆಸರ ಹಾಕಿ ನೋಡಿದ್ದಾಯ್ತು.

ತುರ್ತು ವಿಭಾಗ

ಮೇಡಂ, ಇಲ್ಲಿ ಹೇಳ್ತಿರೋದು ಸುಟ್ಟ ಮೊದಲ ಅರ್ಧ ಗಂಟೆಯ ವಿಷಯ. ಹಳೇ ಕಲೆಗೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕಲೆ ಉಬ್ಬಿ ದಪ್ಪಗಾಗಿದ್ರೆ, ಮಡಿಸುವಾಗ ಬಿಗೀತಾ ಇದ್ರೆ ತಡ ಮಾಡಬೇಡಿ.

ಪಾಂಡವಪುರ ಪುಟ್ಟಸ್ವಾಮಿ

ಎಲ್ಲ ಸರಿ ಸಾರ್, 20 ನಿಮಿಷ ನಲ್ಲಿ ಬಿಡೋಕೆ ನೀರೆಲ್ಲಿ? ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರೋದು. ಇನ್ನು ಏಪ್ರಿಲ್ ಮಧ್ಯಾಹ್ನ ಮನೆ ಮೇಲಿನ ಕಪ್ಪು ಟ್ಯಾಂಕಿನ ನೀರು ಕೈ ಇಡೋಕಾಗಲ್ಲ, ಅಷ್ಟು ಬಿಸಿ. ಆ ನೀರು ಬಿಟ್ರೆ ಇನ್ನಷ್ಟು ಸುಡಲ್ವಾ?

ತುರ್ತು ವಿಭಾಗ

ಈ ಪ್ರಶ್ನೆ ವಿಡಿಯೋದಲ್ಲೇ ಬರಬೇಕು. ಪುಟ್ಟಸ್ವಾಮಿಯವರು ಕೇಳಿದ್ದನ್ನ ಊರವರೆಲ್ಲ ಕೇಳ್ತಾರೆ.

ಲೆಕ್ಕ ನೋಡಿ. ಒಂದು ಲೀಟರ್ ಮಗ್ಗಿನಲ್ಲಿ ನಿಧಾನವಾಗಿ ಸುರಿದ್ರೆ 20 ಸೆಕೆಂಡ್ ಬರುತ್ತೆ. ನಿಮಿಷಕ್ಕೆ ಮೂರು ಮಗ್, 20 ನಿಮಿಷಕ್ಕೆ 60 ಲೀಟರ್. 15 ಲೀಟರ್ ಹಿಡಿಸೋ ಬಕೆಟ್ ನಾಲ್ಕು. ಮನೆ ಒಳಗಿನ ಡ್ರಮ್ಮಿನಲ್ಲಿ, ತೊಟ್ಟಿಯಲ್ಲಿ ಅಷ್ಟು ಸಾಮಾನ್ಯವಾಗಿ ಇರುತ್ತೆ, ಅದು ನೆರಳಲ್ಲಿರೋದ್ರಿಂದ ತಂಪಾಗೂ ಇರುತ್ತೆ. ಅಷ್ಟೂ ಇಲ್ಲದಿದ್ರೆ ತೆಳು ಬಟ್ಟೆ ಒದ್ದೆ ಮಾಡಿ ಹಾಕಿ, ಬೆಚ್ಚಗಾದ ಕೂಡಲೇ ಬದಲಿಸ್ತಾ ಇರಿ. ಹರಿಯೋ ನೀರಿಗೆ ಅದು ಸಮ ಅಲ್ಲ, ಆದರೂ ಪೇಸ್ಟಿಗಿಂತ ಎಷ್ಟೋ ಮೇಲು.

ಟ್ಯಾಂಕಿನ ನೀರಾದ್ರೆ ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಳ್ಳಿ. ಪೈಪಿನಲ್ಲಿ ನಿಂತಿದ್ದ ಬಿಸಿ ಹರಿದು ಹೋಗಿ ತಂಪು ಬಂದ ಮೇಲೆ ಗಾಯಕ್ಕೆ. ತಂಪೇ ಬರದಿದ್ರೆ ಒಳಗಿನ ಬಕೆಟ್. ಆಲೆಮನೆಯಲ್ಲಿ ಪಂಪ್‌ಸೆಟ್ ನೀರು ಇದ್ದೇ ಇರುತ್ತೆ, ಜೋರು ಧಾರೆ ನೇರ ಗಾಯಕ್ಕೆ ಬೀಳದ ಹಾಗೆ ಮಗ್ಗಲ್ಲಿ ಹಿಡಿದು ಹಾಕಿ.

ಇನ್ನೊಂದು ಮಾತು. ನೀರು ಸಿಗೋದು ಅರ್ಧ ಗಂಟೆ ತಡವಾದ್ರೆ ಬಿಟ್ಟುಬಿಡೋದಲ್ಲ. ಸುಟ್ಟು ಮೂರು ಗಂಟೆ ಒಳಗೆ ಯಾವಾಗ ಹಾಕಿದ್ರೂ ಪ್ರಯೋಜನ ಇದೆ.

ಶ್ರೀರಂಗಪಟ್ಟಣ ಶಿವು

ಗಾಯ ಮುಚ್ಚೋಕೆ ಬಾಳೆ ಎಲೆ ಒಳ್ಳೇದು. ಆಸ್ಪತ್ರೆಗಳಲ್ಲೇ ಹಾಕ್ತಾರೆ ಅಂತ ಓದಿದ್ದೀನಿ. ಅಂಟಲ್ಲ, ತಂಪು, ನಮ್ಮಲ್ಲಿ ಹಿತ್ತಲಲ್ಲೇ ಸಿಗುತ್ತೆ. ಅದನ್ನ ಸೇರಿಸಿ.

ದಾದಿ ಕೆ.ಆರ್. ಪೇಟೆ

ಹಾಕಿರೋದು ನಿಜ ಅಣ್ಣ. ಆದ್ರೆ ಅವರು ಎಲೆಯನ್ನ ಉಗಿಯಲ್ಲಿ ಶುದ್ಧ ಮಾಡಿ ಹಾಕೋದು, ಹಿತ್ತಲಿಂದ ಕಿತ್ತಿದ್ದಲ್ಲ. ಹಿತ್ತಲ ಎಲೆಗೆ ಮಣ್ಣು, ಹಕ್ಕಿ ಹಿಕ್ಕೆ, ಔಷಧಿ ಹೊಡೆದಿದ್ದು ಎಲ್ಲ ಇರುತ್ತೆ. ವಿಡಿಯೋದಲ್ಲಿ ಬಾಳೆ ಎಲೆ ಬಂದ್ರೆ ಜನ ನೋಡೋದು ಎಲೆ ಮಾತ್ರ, ಶುದ್ಧ ಮಾಡಿದ್ದು ನೋಡಲ್ಲ.

ಮುಚ್ಚೋಕೆ ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಸುತ್ತೋ ತೆಳು ಪ್ಲಾಸ್ಟಿಕ್ ಹಾಳೆ ಇದ್ರೆ ಮೊದಲ ಸುತ್ತು ಬಿಸಾಕಿ ಒಳಗಿನದ್ದನ್ನ ಗಾಯದ ಮೇಲೆ ಉದ್ದಕ್ಕೆ ಹಾಸಿ. ಕೈ ಸುತ್ತ ಬಿಗಿಯಾಗಿ ಸುತ್ತಬೇಡಿ, ಊತ ಬಂದ್ರೆ ಕಟ್ಟು ಹಾಕಿದ ಹಾಗೆ ಹಿಡ್ಕೊಳ್ಳುತ್ತೆ. ಅದಿಲ್ಲದಿದ್ರೆ ಒಗೆದು ಒಣಗಿಸಿದ ಹಳೇ ಪಂಚೆ ತುಂಡು, ದಿಂಬಿನ ಕವರ್. ಹತ್ತಿ ಬೇಡ, ಎಳೆ ಎಳೆಯಾಗಿ ಗಾಯಕ್ಕೆ ಅಂಟುತ್ತೆ. ಬೊಬ್ಬೆ ಎದ್ದಿದ್ರೆ ಒಡೆಯಬೇಡಿ.

ಶ್ರೀರಂಗಪಟ್ಟಣ ಶಿವು

ಚೆನ್ನಾಗಿ ತೊಳೆದು ಹಾಕಿದ್ರೂ ಆಗಲ್ವಾ ಅಕ್ಕ? ಹಳ್ಳಿಯಲ್ಲಿ ಆ ಪ್ಲಾಸ್ಟಿಕ್ ಹಾಳೆ ಯಾರ ಮನೇಲಿರುತ್ತೆ?

ದಾದಿ ಕೆ.ಆರ್. ಪೇಟೆ

ಪಂಚೆ ಎಲ್ಲರ ಮನೇಲೂ ಇದೆಯಲ್ಲ. ಅದು ಇರುವಾಗ ಎಲೆಗೆ ಯಾಕೆ ಹೋಗಬೇಕು?

ಆಲೆಮನೆ ರಸ್ತೆ

ಯಾವ ಗಾಯಕ್ಕೆ ಆಸ್ಪತ್ರೆ, ಯಾವುದಕ್ಕೆ ಬೇಡ ಅಂತ ಒಂದೇ ಶಾಟ್‌ನಲ್ಲಿ ಹೇಳೋಕಾಗುತ್ತಾ? ಇಂಟರ್ನೆಟ್‌ನಲ್ಲಿ ಸಿಗೋ ಚಿತ್ರಗಳಲ್ಲಿ ಕೆಂಪು, ಗುಲಾಬಿ ಅಂತ ಬಣ್ಣ ತೋರಿಸ್ತಾರೆ.

ತುರ್ತು ವಿಭಾಗ

ಆ ಚಿತ್ರಗಳು ಬಿಳಿ ಚರ್ಮದವರದ್ದು, ಬಳಸಬೇಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಬಣ್ಣ ಬಿಟ್ಟು ಅಳತೆ, ಜಾಗ, ನೋವು ಇವನ್ನ ತೋರಿಸಿ. ಗಾಯಾಳುವಿನ ಅಂಗೈಯನ್ನೇ ಬೆರಳು ಸೇರಿಸಿ ಗಾಯದ ಮೇಲೆ ಗಾಳಿಯಲ್ಲಿ ಹಿಡಿಸಿ, ತಾಕಿಸದೆ. ಅದು ಮೈಯ ಸುಮಾರು ನೂರನೇ ಒಂದು ಭಾಗ. ಅದಕ್ಕಿಂತ ದೊಡ್ಡ ಗಾಯ ಆದ್ರೆ ಆಸ್ಪತ್ರೆ. ಅಂಗೈಗಿಂತ ಚಿಕ್ಕದಾದ್ರೂ ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಮೇಲಿದ್ರೆ ಆಸ್ಪತ್ರೆ. ಚಿಕ್ಕ ಮಕ್ಕಳು, ವಯಸ್ಸಾದವರು ಅಂದ್ರೆ ಗಾಯದ ಅಳತೆಗೆ ಕಾಯಬೇಡಿ.

ಎಲ್ಲರೂ ಎಡವೋದು ನೋವಿನಲ್ಲಿ. ಗಾಯ ಬಿಳಿಚಿಕೊಂಡು ಅಥವಾ ಚಕ್ಕಳದ ಹಾಗೆ ಆಗಿ, ಮುಟ್ಟಿದ್ರೂ ನೋವಿಲ್ಲ ಅಂದ್ರೆ ವಾಸಿ ಆಯ್ತು ಅಂತಲ್ಲ. ಅಲ್ಲಿನ ನರ ಸುಟ್ಟಿದೆ ಅಂತ. ಅದು ಬೊಬ್ಬೆ ಬಂದು ಉರಿಯೋ ಗಾಯಕ್ಕಿಂತ ಕೆಟ್ಟದ್ದು.

ಕರೆಂಟ್ ಹೊಡೆದ ಗಾಯ ಹೊರಗೆ ಸಾಸಿವೆಯಷ್ಟಿದ್ರೂ ಆಸ್ಪತ್ರೆ, ಒಳಗಿನ ಹಾನಿ ಕಣ್ಣಿಗೆ ಕಾಣಲ್ಲ. ಮೊದಲು ಮೇನ್ ಆಫ್, ಆಮೇಲೆ ಮುಟ್ಟೋದು.

ಗಾಣದ ಗೌಡ

ಆಲೆಮನೇಲಿ ಸುಣ್ಣನೂ ಇರ್ತದೆ, ಕಬ್ಬಿನ ಹಾಲಿನ ಕೊಳೆ ತೆಗೆಯಕ್ಕೆ. ಸುಣ್ಣದ ಪುಡಿ ಬಿದ್ರೂ ಇದೇನಾ?

ತುರ್ತು ವಿಭಾಗ

ಒಣ ಪುಡಿ ಆದ್ರೆ ಮೊದಲು ಒಣ ಬಟ್ಟೆಯಲ್ಲಿ ಕೊಡವಿಬಿಡಿ, ಆಮೇಲೆ ಧಾರಾಳ ನೀರು. ಸುಡದ ಸುಣ್ಣಕ್ಕೆ ಸ್ವಲ್ಪವೇ ನೀರು ಬಿದ್ರೆ ಅದು ಕಾದು ಇನ್ನಷ್ಟು ಸುಡುತ್ತೆ. ಕಣ್ಣಿಗೆ ಬಿದ್ರೆ ಕಾಯೋದೇ ಬೇಡ, ತಕ್ಷಣ ನೀರು ಹಾಯಿಸ್ತಾ ಆಸ್ಪತ್ರೆಗೆ ಹೊರಡಿ.

ದಾದಿ ಕೆ.ಆರ್. ಪೇಟೆ

ಸಾರ್, "ಸುಡದ ಸುಣ್ಣ" ಅಲ್ಲ, ಅರಳಿಸದ ಸುಟ್ಟ ಸುಣ್ಣ. ಗೂಡಲ್ಲಿ ಸುಟ್ಟು ತಂದು ಇನ್ನೂ ನೀರು ಹಾಕದಿರೋದು. ವಿಡಿಯೋಗೆ ಬರೆಯುವಾಗ ಸರಿಯಾಗಿ ಬರ್ಕೊಳ್ಳಿ.

ಮೈಸೂರು ಮಾವ

20 ನಿಮಿಷ ನೀರು ಹಾಕ್ತಾ ಕೂತ್ರೆ ಆಸ್ಪತ್ರೆಗೆ ತಡ ಆಗಲ್ವೇನ್ರೀ? ಆಟೋ ಸಿಕ್ಕಿದ ತಕ್ಷಣ ಹೊರಡೋದು ವಾಸಿ.

ತುರ್ತು ವಿಭಾಗ

ಮುಂಗೈ ಸುಟ್ಟಿದ್ರೆ ಇಲ್ಲ, 20 ನಿಮಿಷ ಅಲ್ಲೇ ಮುಗಿಸಿ ಹೊರಡಿ. ಆಟೋದಲ್ಲಿ ಕೂತ ಅರ್ಧ ಗಂಟೆ ಚರ್ಮದ ಒಳಗಿನ ಬಿಸಿ ಕೆಲಸ ಮಾಡ್ತಾನೇ ಇರುತ್ತೆ. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ, ನೀರು ಹಾಕೋರು ನಿಲ್ಲಿಸೋದು ಬೇಡ. ಆದರೆ ಮುಖ ಸುಟ್ಟಿದೆ, ದನಿ ಗೊಗ್ಗರಾಗಿದೆ, ಮೂಗಿನ ಕೂದಲು ಸೀದಿದೆ, ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದಿದ್ದಾರೆ ಅಂದ್ರೆ ಉಸಿರುದಾರಿ ಊದಿಕೊಳ್ಳುತ್ತೆ. ಅಲ್ಲಿ ಕಾಯಬಾರದು, ದಾರಿಯಲ್ಲೇ ತಂಪು ಮಾಡ್ತಾ ಹೋಗಬೇಕು.

ದಾದಿ ಕೆ.ಆರ್. ಪೇಟೆ

ಮೈಯ ದೊಡ್ಡ ಭಾಗ ಸುಟ್ಟ ಮಗುವಿಗೂ 20 ನಿಮಿಷ ಅಂತ ಸಾರಾಸಗಟಾಗಿ ಹೇಳೋಕೆ ನನಗೆ ಧೈರ್ಯ ಬರಲ್ಲ. ಮೈ ಬೇಗ ತಣ್ಣಗಾಗಿಬಿಡುತ್ತೆ.

ತುರ್ತು ವಿಭಾಗ

ಗಾಯಕ್ಕೆ ನೀರು, ಉಳಿದ ಮೈಗೆ ಕಂಬಳಿ. ನಡುಕ ಬಂದ್ರೆ ನಿಲ್ಲಿಸೋದು. ಅಷ್ಟು ಹೇಳಿದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ದಾದಿ ಕೆ.ಆರ್. ಪೇಟೆ

ನಡುಕ ಬರೋ ಹೊತ್ತಿಗೆ ಆಗಲೇ ತಣ್ಣಗಾಗಿರುತ್ತೆ. ಅಂಥ ಮಗುವಿನ ಮಾತು ಈ ವಿಡಿಯೋದಲ್ಲಿ ಬೇಡ, "ತಕ್ಷಣ 108, ಅವರು ಫೋನಲ್ಲಿ ಹೇಳಿದ ಹಾಗೆ ಮಾಡಿ" ಅಂತಷ್ಟೇ ಇರಲಿ. ನಾನು ಇದರಲ್ಲಿ ಒಪ್ಪಲ್ಲ.

ಕ್ಯಾಮೆರಾ ಕೈ

ಬೀಗರ ಊಟಕ್ಕೆ ಬರೋಣ. ದೃಶ್ಯ 5ರಲ್ಲಿ ಜೋರಾಗಿ ಕೆಮ್ಮೋದು ಸರೀನಾ? ನಟರಿಗೆ "ಗಂಟಲಿಗೆ ಸಿಕ್ಕಿದೆ" ಅಂದ್ರೆ ಎಲ್ಲರೂ ಕೆಮ್ಮೋದೇ.

ತುರ್ತು ವಿಭಾಗ

ಇಡೀ ಸ್ಕ್ರಿಪ್ಟಿನ ದೊಡ್ಡ ತಪ್ಪು ಅದೇ. ಜೋರಾಗಿ ಕೆಮ್ಮೋಕೆ ಆಗ್ತಿದೆ ಅಂದ್ರೆ ಗಾಳಿ ಹೋಗಿ ಬರ್ತಿದೆ. ಅವರನ್ನ ಮುಟ್ಟಬಾರದು, "ಕೆಮ್ಮಿ, ಇನ್ನೂ ಕೆಮ್ಮಿ" ಅನ್ನಬೇಕು, ಪಕ್ಕದಲ್ಲಿ ನಿಂತಿರಬೇಕು. ಕೆಮ್ಮಿಗಿಂತ ಚೆನ್ನಾಗಿ ತುಂಡನ್ನ ಹೊರಗೆ ತಳ್ಳೋದು ನಮ್ಮ ಕೈಯಲ್ಲಿಲ್ಲ.

ನಿಜವಾಗಿ ಉಸಿರು ಕಟ್ಟಿದವರು ಸದ್ದು ಮಾಡಲ್ಲ. ಮಾತಿಲ್ಲ, ಕೆಮ್ಮಿಲ್ಲ, ಎದ್ದು ನಿಲ್ತಾರೆ, ಕೈ ಗಂಟಲಿಗೆ ಹೋಗುತ್ತೆ, ಕಣ್ಣು ಅಗಲ ಆಗುತ್ತೆ. ಎಷ್ಟೋ ಜನ ನಾಚಿಕೆಗೆ ಎದ್ದು ಕೈತೊಳೆಯೋ ಕಡೆಗೋ ಬಚ್ಚಲಿಗೋ ಹೋಗಿ ಅಲ್ಲಿ ಬೀಳ್ತಾರೆ. ಬೀಗರ ಊಟದ ಗದ್ದಲದಲ್ಲಿ ಇದು ಯಾರ ಗಮನಕ್ಕೂ ಬರಲ್ಲ.

ಅದಕ್ಕೆ ದೃಶ್ಯನ ಎರಡು ಮಾಡಿ. ಮೊದಲು ಕೆಮ್ಮೋರು: ಜನ ಸುಮ್ಮನೆ ಧೈರ್ಯ ಹೇಳ್ತಾರೆ, ತುಂಡು ಬರುತ್ತೆ, ಮುಗೀತು. ಆಮೇಲೆ ಕೆಮ್ಮದೋರು. ಇಲ್ಲಿ ಹಿನ್ನೆಲೆ ಸಂಗೀತ, ಊಟದ ಮನೆ ಸದ್ದು ಎರಡನ್ನೂ ಕತ್ತರಿಸಿ. ಮೂರು ಸೆಕೆಂಡ್ ಪೂರ್ತಿ ಮೌನ, ಮುಖ ಹತ್ತಿರದಿಂದ. ಪಕ್ಕದವರು ಕೇಳೋದು ಒಂದೇ ಪ್ರಶ್ನೆ: "ಮಾತಾಡೋಕಾಗುತ್ತಾ?" ಅವರು ತಲೆ ಅಲ್ಲಾಡಿಸ್ತಾರೆ. ಅಲ್ಲಿಂದ ಕೆಲಸ ಶುರು.

ಪಾಂಡವಪುರ ಪುಟ್ಟಸ್ವಾಮಿ

ನೆತ್ತಿಗೆ ಹತ್ತಿದ್ರೆ ತಲೆ ಮೇಲೆ ತಟ್ಟಿ ನೀರು ಕುಡಿಸೋದು ಎಲ್ಲರ ಮನೇಲೂ ಇರೋದು. ಅದು ತಪ್ಪಾ?

ದಾದಿ ಕೆ.ಆರ್. ಪೇಟೆ

ಸುಮ್ಮನೆ ಕೆಮ್ಮು ಬಂದಾಗ ತಲೆ ತಟ್ಟಿದ್ರೆ ಏನೂ ಆಗಲ್ಲ, ಪ್ರಯೋಜನವೂ ಇಲ್ಲ. ಆದರೆ ಉಸಿರು ಕಟ್ಟಿದವರಿಗೆ ನೀರು ಹಾಕಿದ್ರೆ ತುಂಡಿನ ಮೇಲೆ ನೀರು ನಿಲ್ಲುತ್ತೆ, ಸಂದಿಯಲ್ಲಿ ಹೋಗ್ತಿದ್ದ ಅಷ್ಟಿಷ್ಟು ಗಾಳಿಯೂ ನಿಲ್ಲುತ್ತೆ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸೋದು ಮೀನಿನ ಮುಳ್ಳಿಗೆ ಮಾಡೋ ಅಭ್ಯಾಸ, ಇಲ್ಲಿ ಅದು ಜೀವ ತೆಗೆಯುತ್ತೆ.

ಮೈಸೂರು ಮಾವ

ಬೆನ್ನಿಗೆ ಹೊಡೀಬಾರದು, ಹೊಡೆದ್ರೆ ತುಂಡು ಇನ್ನೂ ಒಳಗೆ ಹೋಗುತ್ತೆ. ಹೊಟ್ಟೆ ಒತ್ತೋದು ಮಾತ್ರ ಸರಿ. ಅಮೆರಿಕದವರ ತರಬೇತಿಯಲ್ಲಿ ಹಾಗೇ ಹೇಳಿಕೊಡೋದು.

ತುರ್ತು ವಿಭಾಗ

ಮಾವ, ಮೊದಲು ಹಾಗಿತ್ತು, ಒಪ್ತೀನಿ. ಹೈಮ್ಲಿಕ್ ಅನ್ನೋ ಡಾಕ್ಟರ್ 1974ರಲ್ಲಿ ಹೊಟ್ಟೆ ಒತ್ತೋ ವಿಧಾನ ಹೇಳಿದ ಮೇಲೆ ಅಲ್ಲಿ ಬಹಳ ಕಾಲ ಅದೊಂದನ್ನೇ ಕಲಿಸಿದ್ರು. ಯುರೋಪಿನಲ್ಲಿ ಆಗಲೂ ಮೊದಲು ಬೆನ್ನು, ಆಮೇಲೆ ಹೊಟ್ಟೆ. 2025ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ದೊಡ್ಡವರಿಗೂ ಮಕ್ಕಳಿಗೂ ಐದು ಬೆನ್ನಿನ ಹೊಡೆತ, ಆಮೇಲೆ ಐದು ಹೊಟ್ಟೆ ಒತ್ತು ಅಂತ ಬದಲಾಯಿಸಿದೆ. ಈಗ ಎರಡು ಕಡೆಯೂ ಒಂದೇ.

ತುಂಡು ಒಳಗೆ ಹೋಗುತ್ತೆ ಅನ್ನೋ ನಿಮ್ಮ ಭಯಕ್ಕೆ ಅರ್ಥ ಇದೆ. ನೆಟ್ಟಗೆ ನಿಂತವರ ಬೆನ್ನಿಗೆ ಹೊಡೆದ್ರೆ ಅದು ಸಡಿಲಾಗಿ ಕೆಳಗೇ ಇಳೀಬಹುದು. ಅದಕ್ಕೇ ಮೊದಲು ಬಗ್ಗಿಸಬೇಕು. ಒಂದು ಕೈ ಎದೆಗೆ ಆನಿಸಿ, ತಲೆ ಎದೆಗಿಂತ ಕೆಳಗೆ ಬರೋವರೆಗೆ ಮುಂದಕ್ಕೆ ಬಗ್ಗಿಸಿ, ಆಮೇಲೆ ಹೊಡೆತ.

ಕ್ಯಾಮೆರಾ ಕೈ

ಹಾಗಾದ್ರೆ ಇದನ್ನ ಪಕ್ಕದಿಂದಲೇ ತೆಗೀಬೇಕು. ಮುಂದಿನಿಂದ ತೆಗೆದ್ರೆ ಬಗ್ಗಿದ್ದು ಗೊತ್ತೇ ಆಗಲ್ಲ. ಹೊಡೆತದ ಜಾಗ ತೋರಿಸೋಕೆ ಒಂದು ಉಪಾಯ: ಹೊಡೆಯೋರ ಅಂಗೈಯ ಬುಡಕ್ಕೆ ಒದ್ದೆ ಅರಿಶಿನ ಬಳಿಯಿರಿ, ಬಗ್ಗಿದವರಿಗೆ ಬಿಳಿ ಬನಿಯನ್. ಎರಡು ರೆಕ್ಕೆಮೂಳೆಗಳ ನಡುವೆ ಗುರುತು ಬೀಳುತ್ತೆ. ಬೆರಳ ಗುರುತು ಬಿದ್ರೆ ತಪ್ಪು, ಅಂಗೈ ಬುಡದ್ದು ಮಾತ್ರ ಬಿದ್ರೆ ಸರಿ. ಮಾತೇ ಬೇಡ.

ದಾದಿ ಕೆ.ಆರ್. ಪೇಟೆ

ಬಹಳ ಚೆನ್ನಾಗಿದೆ. ಅರಿಶಿನ ಬದಲು ಕುಂಕುಮ ಇಡಿ. ಸುಟ್ಟ ಗಾಯಕ್ಕೆ ಅರಿಶಿನ ಬೇಡ ಅಂತ ಹೇಳೋ ವಿಡಿಯೋದಲ್ಲೇ ಚಿಕಿತ್ಸೆ ಕೊಡೋರ ಕೈಯಲ್ಲಿ ಅರಿಶಿನ ಕಾಣೋದು ಬೇಡ.

ತುರ್ತು ವಿಭಾಗ

ಆ ಕುಂಕುಮದ ಶಾಟ್ ಮೆಲ್ಲಗೆ ಒತ್ತಿದ್ದಾಗಿರಲಿ, ಜೋರಿನ ಹೊಡೆತ ಬೇರೆ ಶಾಟ್‌ನಲ್ಲಿ ದಿಂಬಿನ ಮೇಲೆ. ಹೊಟ್ಟೆ ಒತ್ತೋದನ್ನ ಮಾತ್ರ ಬದುಕಿರೋ ಮನುಷ್ಯನ ಮೇಲೆ ನಿಜವಾಗಿ ಮಾಡಲೇಬೇಡಿ, ನಟನೆಗೂ ಬೇಡ. ಗುಲ್ಮ, ಯಕೃತ್ತು ಹರಿದ ಪ್ರಸಂಗಗಳಿವೆ. ಹಿಂದೆ ನಿಂತು, ಒಂದು ಕೈ ಮುಷ್ಟಿ ಮಾಡಿ ಹೆಬ್ಬೆರಳ ಕಡೆ ಹೊಟ್ಟೆಗೆ ಇಟ್ಟು, ಇನ್ನೊಂದು ಕೈಯಲ್ಲಿ ಆ ಮುಷ್ಟಿ ಹಿಡಿಯೋವರೆಗೆ ಮನುಷ್ಯನ ಮೇಲೆ ತೋರಿಸಿ. ಜಾಗ ಹೊಕ್ಕುಳಿಗೂ ಎದೆಮೂಳೆಯ ತುದಿಗೂ ನಡುವೆ. "ಒಳಕ್ಕೆ, ಮೇಲಕ್ಕೆ" ಅನ್ನೋ ಎಳೆತ ಬಾಣದ ಗುರುತಿನಲ್ಲಿ ಬರಲಿ.

ಇದರ ಎಚ್ಚರಿಕೆಯನ್ನ ಅಲ್ಲೇ ಹಾಕಿ, ಕೊನೆಗೆ ಒಟ್ಟು ಮಾಡಬೇಡಿ. ತುಂಡು ಬಂದು ಮನುಷ್ಯ ನಗ್ತಾ ಕೂತ ಅದೇ ಶಾಟ್ ಮೇಲೆ "ಹೊಟ್ಟೆ ಒತ್ತಿದ್ದರೆ ಆಸ್ಪತ್ರೆಗೆ ತೋರಿಸಲೇಬೇಕು". ಅಲ್ಲಿ ಬರದಿದ್ರೆ ಎಲ್ಲ ಸರಿಹೋಯ್ತು ಅಂತ ವಿಡಿಯೋ ಮುಚ್ಚಿಬಿಡ್ತಾರೆ.

ಹಳೇ ಮೈಸೂರು ಹೆಣ್ಮಗಳು

ಸೀರೆ ಉಟ್ಟವರಿಗೆ? ನೆರಿಗೆ ಗಂಟಿನ ಮೇಲೆ ಮುಷ್ಟಿ ಇಟ್ರೆ ಕೆಳಗಾಗಲ್ವಾ? ಬಸುರಿ ಆದ್ರೆ?

ದಾದಿ ಕೆ.ಆರ್. ಪೇಟೆ

ನೆರಿಗೆ ಸಿಕ್ಕಿಸೋ ಜಾಗಕ್ಕಿಂತ ಮೇಲೆ, ರವಿಕೆ ಅಂಚಿಗಿಂತ ಕೆಳಗೆ. ಅದನ್ನೇ ಸೀರೆ ಉಟ್ಟವರ ಮೇಲೆ ತೋರಿಸಿ, ಪ್ಯಾಂಟ್ ಶರ್ಟಿನವರ ಮೇಲೆ ನೋಡಿದ್ದು ನಮ್ಮ ಹೆಂಗಸರಿಗೆ ಹೊಂದಲ್ಲ. ಬಸುರಿಗೆ ಹೊಟ್ಟೆ ಒತ್ತಲೇಬಾರದು. ತೋಳು ಕಂಕುಳ ಕೆಳಗಿಂದ ಹಾಯಿಸಿ ಎದೆಮೂಳೆಯ ನಡುಭಾಗದ ಮೇಲೆ ಮುಷ್ಟಿ ಇಟ್ಟು ನೇರ ಹಿಂದಕ್ಕೆ ಎಳೀಬೇಕು. ತೋಳು ಸುತ್ತು ಬರದಷ್ಟು ದಪ್ಪ ಇರೋರಿಗೂ ಇದೇ.

ಪಾಂಡವಪುರ ಪುಟ್ಟಸ್ವಾಮಿ

ನಮ್ಮ ತಂದೆಗೆ ಪಾರ್ಶ್ವವಾಯು ಆಗಿದೆ, ಮುದ್ದೆ ಬೇಕೇ ಬೇಕು ಅಂತಾರೆ. ದಿನಾ ಕೆಮ್ಮು. ಇದಕ್ಕೂ ಬೆನ್ನಿಗೆ ಹೊಡೀಬೇಕಾ?

ದಾದಿ ಕೆ.ಆರ್. ಪೇಟೆ

ಇಲ್ಲ ಅಣ್ಣ. ದಿನಾ ಊಟಕ್ಕೆ ಕೆಮ್ಮು ಅಂದ್ರೆ ನುಂಗೋ ಶಕ್ತಿ ಕಡಿಮೆಯಾಗಿದೆ ಅಂತ, ಅದು ಡಾಕ್ಟರ್‌ಗೆ ಹೇಳಬೇಕಾದ ವಿಷಯ. ಅಗಿಯದೆ ನುಂಗೋ ಮುದ್ದೆ ಅವರಿಗೆ ಸದ್ಯ ಬೇಡ. ಮಲಗಿಸಿ ತಿನ್ನಿಸಬೇಡಿ, ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಮಾಡಿಸಿ. ಯಾವ ಹದದ ಊಟ ಅನ್ನೋದನ್ನ ನೋಡಿದವರೇ ಹೇಳಬೇಕು, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮೈಸೂರು ಮಾವ

ಮಗುವಿಗೆ ಕಾಲು ಹಿಡಿದು ತಲೆಕೆಳಗು ಮಾಡಿ ತಟ್ಟೋದು ಹಾಕಿ. ಕಡಲೆಕಾಯಿ ಬೀಜ ಹಾಗೇ ಬೀಳೋದು.

ತುರ್ತು ವಿಭಾಗ

ಬೇಡ ಮಾವ. ಕೈ ಜಾರುತ್ತೆ, ಕುತ್ತಿಗೆಗೆ ಆಧಾರ ಇರಲ್ಲ. ವರ್ಷದೊಳಗಿನ ಕೂಸನ್ನ ಮುಂದೋಳಿನ ಮೇಲೆ ಬೋರಲು ಮಲಗಿಸಿ, ದವಡೆ ಎಲುಬಿನ ಎರಡು ಪಕ್ಕ ಬೆರಳಿಟ್ಟು ಹಿಡಿದು, ತೋಳನ್ನ ತೊಡೆಗೆ ಆನಿಸಿ, ತಲೆ ಕೆಳಗೆ ಬರೋ ಹಾಗೆ ಇಳಿಜಾರು. ಅಂಗೈ ಬುಡದಿಂದ ಬೆನ್ನಿಗೆ ಐದು. ಬರದಿದ್ರೆ ಇನ್ನೊಂದು ಮುಂದೋಳಿಗೆ ಅಂಗಾತ ತಿರುಗಿಸಿ ಎದೆ ನಡುವೆ ಐದು ಒತ್ತು. ಹೊಟ್ಟೆ ಒತ್ತಲೇಬಾರದು, ಕೂಸಿನ ಯಕೃತ್ತು ಪಕ್ಕೆಲುಬಿಗಿಂತ ಕೆಳಗೂ ಚಾಚಿರುತ್ತೆ. ವರ್ಷ ದಾಟಿದ ಮೇಲೆ ದೊಡ್ಡವರ ಕ್ರಮವೇ, ಬಲ ಕಡಿಮೆ, ನೀವು ಮಂಡಿಯೂರಿ ಅವರ ಎತ್ತರಕ್ಕೆ ಬರಬೇಕು.

ಬಾಯಿಗೆ ಕುರುಡಾಗಿ ಬೆರಳು ಹಾಕೋದೂ ಬೇಡ. ಕಣ್ಣಿಗೆ ಕಂಡ ತುಂಡನ್ನ ಮಾತ್ರ ತೆಗೀಬೇಕು. ಬೆರಳು ಹಾಕಿದ್ರೆ ಬೀಜ ಇನ್ನೂ ಕೆಳಗೆ ಹೋಗಿ ಬೆಣೆ ಹೊಡೆದ ಹಾಗೆ ಕೂರುತ್ತೆ.

ಕ್ಯಾಮೆರಾ ಕೈ

ಕೂಸಿನ ಎದೆ ಎರಡು ಬೆರಳಲ್ಲಿ ಒತ್ತಬೇಕಾ, ಅಂಗೈ ಬುಡದಲ್ಲಾ? ಹಳೇ ಚಿತ್ರಗಳಲ್ಲೆಲ್ಲ ಎರಡು ಬೆರಳು.

ತುರ್ತು ವಿಭಾಗ

2025ರ ಅಮೆರಿಕದ ಕ್ರಮದಲ್ಲಿ ಒಂದು ಅಂಗೈಯ ಬುಡ. ಎರಡು ಬೆರಳಲ್ಲಿ ಸಾಕಷ್ಟು ಆಳ ಬರಲ್ಲ ಅಂತ. ಹಳೇ ಚಿತ್ರ ಎತ್ತಿಕೊಳ್ಳಬೇಡಿ.

ಹಳೇ ಮೈಸೂರು ಹೆಣ್ಮಗಳು

ತುಂಡು ಬರಲೇ ಇಲ್ಲ, ಪ್ರಜ್ಞೆ ತಪ್ಪಿತು ಅಂದ್ರೆ? ಅಲ್ಲಿಗೇ ವಿಡಿಯೋ ನಿಲ್ಲಬಾರದು.

ತುರ್ತು ವಿಭಾಗ

ನಿಲ್ಲಬಾರದು. ಮೆಲ್ಲಗೆ ನೆಲಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿಟ್ಟು, ಎದೆ ಒತ್ತೋಕೆ ಶುರು ಮಾಡಬೇಕು. 30 ಸಲ ಒತ್ತಿ ಬಾಯಿ ತೆರೆದು ನೋಡೋದು, ಕಂಡ್ರೆ ತೆಗೆಯೋದು, ಎರಡು ಉಸಿರು ಕೊಡೋದು, ಮತ್ತೆ 30. ಉಸಿರು ಕೊಡೋಕೆ ಬರದಿದ್ರೆ ಒತ್ತೋದನ್ನಾದ್ರೂ ನಿಲ್ಲಿಸಬೇಡಿ. ಆ ಒತ್ತಡಕ್ಕೇ ತುಂಡು ಮೇಲೆ ಬರಬಹುದು.

ಆಲೆಮನೆ ರಸ್ತೆ

ಎಲ್ಲವನ್ನೂ ಬರ್ಕೊಂಡೆ. ಈಗ ನನಗೆ ಅನ್ನಿಸ್ತಿರೋದು ಎರಡು ವಿಡಿಯೋ ಮಾಡಬೇಕು ಅಂತ. ಸುಟ್ಟ ಗಾಯ 20 ನಿಮಿಷದ ತಾಳ್ಮೆ, ಗಂಟಲು ಕೆಲವೇ ನಿಮಿಷದ ಆತುರ. ಒಂದರ ಹಿಂದೆ ಒಂದು ಹಾಕಿದ್ರೆ ಎರಡರ ಗತಿಯೂ ಕೆಡುತ್ತೆ. ಗಂಟಲಿನದ್ದು ಹೀಗೆ:

ದೃಶ್ಯ 1: ಬೀಗರ ಊಟ. ಕೆಮ್ಮುವವರು. ಪಕ್ಕದವರು "ಕೆಮ್ಮಿ" ಎನ್ನುತ್ತಾರೆ. ನೀರಿನ ಲೋಟ ಪಕ್ಕಕ್ಕೆ ಸರಿಸುತ್ತಾರೆ.
ದೃಶ್ಯ 2: ಸದ್ದು ಪೂರ್ತಿ ನಿಲ್ಲುತ್ತದೆ. ಎದ್ದು ನಿಂತವರ ಮುಖ. "ಮಾತಾಡೋಕಾಗುತ್ತಾ?"
ದೃಶ್ಯ 3: ಪಕ್ಕದಿಂದ. ಬಗ್ಗಿಸುವುದು, ಕುಂಕುಮದ ಗುರುತು, ಐದು. ಒಂದೊಂದು ಹೊಡೆತಕ್ಕೂ ನಿಂತು ತುಂಡು ಬಂತಾ ನೋಡುವುದು.
ದೃಶ್ಯ 4: ಸೀರೆ ಉಟ್ಟವರ ಮೇಲೆ ಮುಷ್ಟಿಯ ಜಾಗ, ಬಾಣದ ಗುರುತು, ಐದು. ಬಸುರಿಗೆ ಎದೆ.
ದೃಶ್ಯ 5: ಬರದಿದ್ದರೆ ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಕುಸಿದರೆ ನೆಲ, 108, ಎದೆ ಒತ್ತು.
ದೃಶ್ಯ 6: ತುಂಡು ಬಂದವರು ಕೂತಿದ್ದಾರೆ. ಆಸ್ಪತ್ರೆ ಮಾತು ಅದೇ ಶಾಟ್ ಮೇಲೆ.

ಕೂಸಿನದ್ದು ಮೂರನೇ ಚಿಕ್ಕ ವಿಡಿಯೋ. ಬೊಂಬೆ ಮೇಲೆ ತೆಗೀತೀವಿ.

ದಾದಿ ಕೆ.ಆರ್. ಪೇಟೆ

ದೃಶ್ಯ 6ಕ್ಕೆ ಒಂದು ಸಾಲು ಸೇರಿಸಿ: ತುಂಡು ಬಂದ ಮೇಲೂ ಕೆಮ್ಮು, ಎದೆಯಲ್ಲಿ ಸುಯ್ ಅನ್ನೋ ಸದ್ದು ಉಳಿದಿದ್ರೆ ಚೂರು ಶ್ವಾಸಕೋಶಕ್ಕೆ ಇಳಿದಿರಬಹುದು. ಮಕ್ಕಳಲ್ಲಿ ಕಡಲೆಕಾಯಿ ಬೀಜ ಹೀಗೆ ಹೋಗಿ ವಾರಗಟ್ಟಲೆ ಕೆಮ್ಮು ಅಂತ ಔಷಧಿ ಕುಡಿಸ್ತಾ ಇರ್ತಾರೆ.

ಕ್ಯಾಮೆರಾ ಕೈ

ಅಂಗಡಿ ಪ್ಲಾಸ್ಟಿಕ್ ಬೊಂಬೆ ತೂಕವೇ ಇರಲ್ಲ, ನಟಿ ಅದನ್ನ ಕುತ್ತಿಗೆ ಹಿಡಿದು ಎತ್ತಿಬಿಡ್ತಾರೆ. ಬಟ್ಟೆ ಬೊಂಬೆಗೆ ಆರೇಳು ಕೆಜಿ ರಾಗಿ ತುಂಬಿ ಹೊಲಿಸಿ, ತಲೆ ಜೋಲಾಡೋ ಹಾಗಿರಲಿ. ಆಗ ತೋಳನ್ನ ತೊಡೆಗೆ ಆನಿಸಲೇಬೇಕಾಗುತ್ತೆ, ದವಡೆ ಹಿಡಿಯಲೇಬೇಕಾಗುತ್ತೆ. ಅಕ್ಷರಗಳು ಒಂದು ಸಲಕ್ಕೆ ಎರಡು ಸಾಲು ದಾಟಬಾರದು, ಫೋನ್ ಉದ್ದಕ್ಕೆ ಹಿಡಿದಾಗ ಕೆಳಗಿನ ಕಾಲು ಭಾಗ ಬಿಟ್ಟು ಮೇಲೆ ಇರಲಿ.

ಗಾಣದ ಗೌಡ

ಪಾಕದ್ದು ತೆಗೆಯಕ್ಕೆ ನಮ್ಮ ಆಲೆಮನೇಗೆ ಬನ್ನಿ. ಬದನೆಕಾಯಿ ನಾನೇ ಕೊಡ್ತೀನಿ. ಬೆಳಿಗ್ಗೆ ಮೊದಲ ಅಡುಗೆ ಇಳಿಯೋ ಹೊತ್ತಿಗೆ ಬಂದ್ರೆ ಹೊಗೆ ಕಮ್ಮಿ, ಬೆಳಕೂ ಇರ್ತದೆ.

ದಾದಿ ಕೆ.ಆರ್. ಪೇಟೆ

ಸುಟ್ಟ ಮಗುವಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ ಸಾರ್. ಆ ಸಾಲು ಬರೆಯೋಕೆ ಮುಂಚೆ ಸುಟ್ಟ ಗಾಯದ ವಾರ್ಡ್ ನೋಡಿಕೊಳ್ಳೋ ಡಾಕ್ಟರ್ ಒಬ್ಬರಿಗೆ ಸ್ಕ್ರಿಪ್ಟ್ ತೋರಿಸಿ, ಆಮೇಲೆ ಕ್ಯಾಮೆರಾ ತೆಗೆಯಿರಿ.